ಕಾಳುಮೆಣಸು ಅರಿಶಿನಕ್ಕೆ ಮಾತ್ರ ದಾರಿ ಬಿಡುವುದಿಲ್ಲ

ಮಲೆನಾಡಿನ ಏಳನೇ ತರಗತಿಯ ಹುಡುಗಿಯೊಬ್ಬಳು ಈ ಅಂಕಣಕ್ಕೆ ಕಾರ್ಡು ಬರೆದಿದ್ದಾಳೆ. "ನಮ್ಮ ಅಜ್ಜಿ ರಾತ್ರಿ ಅರಿಶಿನದ ಹಾಲಿಗೆ ಎರಡು ಕಾಳುಮೆಣಸು ಕುಟ್ಟಿ ಹಾಕುತ್ತಾರೆ. ಮೆಣಸು ಹಾಕಿದರೆ ಅರಿಶಿನ ಇಪ್ಪತ್ತು ಪಟ್ಟು ಹೆಚ್ಚು ಮೈಗೆ ಹತ್ತುತ್ತದೆ ಅಂತ ಮೊಬೈಲಿನಲ್ಲಿ ಬಂದಿದೆಯಂತೆ. ನಿಜವೇ? ಹಾಗಾದರೆ ನಮ್ಮ ಅಜ್ಜ ನುಂಗುವ ಮಾತ್ರೆಯೂ ಇಪ್ಪತ್ತು ಪಟ್ಟು ಹತ್ತುತ್ತದೆಯೇ?"

ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ದೊಡ್ಡವರು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಈ ವಾರದ ಅಂಕಣ ಪೂರ್ತಿ ಆ ಎರಡನೆಯ ಪ್ರಶ್ನೆಗೇ ಮೀಸಲು. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲನೆಯದನ್ನು ದಾಟಿಯೇ ಹೋಗಬೇಕು.

ಆ ಇಪ್ಪತ್ತು ಪಟ್ಟಿನ ಮಾತು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು 1998ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಮುಖ್ಯ ವಸ್ತುವಿಗೆ ಕರ್ಕ್ಯುಮಿನ್ ಎಂದು ಹೆಸರು. ಕಾಳುಮೆಣಸಿಗೆ ಖಾರ ಕೊಡುವ ವಸ್ತುವಿಗೆ ಪೈಪೆರಿನ್ ಎಂದು ಹೆಸರು. ಆರೋಗ್ಯವಂತ ಸ್ವಯಂಸೇವಕರಿಗೆ ಅವರು 2 ಗ್ರಾಂ ಕರ್ಕ್ಯುಮಿನ್ ಕೊಟ್ಟು, ಆಮೇಲೆ ರಕ್ತ ತೆಗೆದು ಪರೀಕ್ಷಿಸಿದರು. ರಕ್ತದಲ್ಲಿ ಕರ್ಕ್ಯುಮಿನ್ ಸಿಗಲೇ ಇಲ್ಲ, ಸಿಕ್ಕರೂ ತೀರಾ ಅತ್ಯಲ್ಪ. ಇನ್ನೊಂದು ಸಲ ಅಷ್ಟೇ ಕರ್ಕ್ಯುಮಿನ್ ಜೊತೆಗೆ 20 ಮಿಲಿಗ್ರಾಂ ಪೈಪೆರಿನ್ ಸೇರಿಸಿ ಕೊಟ್ಟರು. ಈ ಬಾರಿ ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಅವಧಿಯಲ್ಲಿ ರಕ್ತದಲ್ಲಿ ಕರ್ಕ್ಯುಮಿನ್ ಎದ್ದು ಕಾಣುವಷ್ಟು ಇತ್ತು. ಲೆಕ್ಕ ಹಾಕಿದಾಗ ಬಂದ ಹೆಚ್ಚಳ ಶೇಕಡಾ 2000.

ಇಲ್ಲಿ ಲೆಕ್ಕದವನಾಗಿ ನನ್ನದೊಂದು ತಕರಾರಿದೆ. ಒಂದು ಖಾತೆಯಲ್ಲಿ ಹತ್ತು ಪೈಸೆ ಇತ್ತು, ಅದು ಎರಡು ರೂಪಾಯಿ ಆಯಿತು ಅಂದುಕೊಳ್ಳಿ. ಇಪ್ಪತ್ತು ಪಟ್ಟು ಬೆಳೆದದ್ದು ನಿಜ, ಆದರೆ ಅದರಲ್ಲಿ ಒಂದು ಲೋಟ ಕಾಫಿಯೂ ಬರುವುದಿಲ್ಲ. ಮೊದಲಿನ ಮೊತ್ತ ಸೊನ್ನೆಗೆ ಹತ್ತಿರವಾದಷ್ಟೂ ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಪ್ರಯೋಗದಲ್ಲಿ ಇಲಿಗಳಿಗೂ ಕೊಟ್ಟು ನೋಡಿದ್ದರು. ಅವುಗಳಲ್ಲಿ ಹೆಚ್ಚಳ ಶೇಕಡಾ 154 ಮಾತ್ರ. ಆಮೇಲೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲೆಲ್ಲ ಇಪ್ಪತ್ತು ಪಟ್ಟೇ ಬಂದಿದೆ ಎಂದೂ ಹೇಳುವಂತಿಲ್ಲ. ಆದ್ದರಿಂದ ಆ ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೆಣಸು ಏನೋ ಮಾಡುತ್ತದೆ ಎನ್ನುವುದು ಮಾತ್ರ ಗಟ್ಟಿ. ಏನು ಮಾಡುತ್ತದೆ?

ಮಕ್ಕಳೇ, ಒಂದು ಚಿಟಿಕೆ ಅರಿಶಿನವನ್ನು ತಣ್ಣೀರಿಗೆ ಹಾಕಿ ಕಲಕಿ ನೋಡಿ. ನೀರು ಹಳದಿಯಾಗುತ್ತದೆ, ಆದರೆ ಸ್ವಲ್ಪ ಹೊತ್ತು ಬಿಟ್ಟರೆ ಪುಡಿಯೆಲ್ಲ ತಳಕ್ಕೆ ಕೂತಿರುತ್ತದೆ. ಅದೇ ಒಂದು ಚಿಟಿಕೆಯನ್ನು ಬಿಸಿ ಎಣ್ಣೆಗೆ ಹಾಕಿದರೆ ಬಣ್ಣ ಎಣ್ಣೆಯ ತುಂಬ ಹರಡುತ್ತದೆ. ಒಗ್ಗರಣೆಯಲ್ಲಿ ದಿನವೂ ನೋಡುವುದೇ. ಕರ್ಕ್ಯುಮಿನ್ ಎಣ್ಣೆಯ ಗೆಳೆಯ, ನೀರಿಗೂ ಅದಕ್ಕೂ ಅಷ್ಟಕ್ಕಷ್ಟೆ.

ನಮ್ಮ ಮೈಗೆ ಇಂಥ ವಸ್ತುಗಳೆಂದರೆ ಒಂದು ಚಿಂತೆ. ನೀರಿನಲ್ಲಿ ಕರಗದ್ದನ್ನು ಮೂತ್ರದಲ್ಲಿ ಹೊರಗೆ ಹಾಕುವುದು ಕಷ್ಟ, ಹಾಗೇ ಬಿಟ್ಟರೆ ಒಳಗೇ ಸೇರುತ್ತಾ ಹೋಗುತ್ತದೆ. ಅದಕ್ಕಾಗಿ ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಒಂದು ವ್ಯವಸ್ಥೆ ಇದೆ. ಯಕೃತ್ತು ಅಂದರೆ ಪಕ್ಕೆಲುಬಿನ ಕೆಳಗೆ ಬಲಗಡೆ ಇರುವ ಲಿವರ್. ಅಲ್ಲಿರುವ ಕಿಣ್ವಗಳು, ಎಂದರೆ ಕೆಲಸ ಬೇಗ ಮಾಡಿಸುವ ವಿಶೇಷ ಪ್ರೋಟೀನುಗಳು, ಒಳಗೆ ಬಂದ ಅಪರಿಚಿತ ವಸ್ತುವಿಗೆ ಸಕ್ಕರೆಯಿಂದ ತಯಾರಾದ ಒಂದು ತುಣುಕನ್ನು ಅಂಟಿಸುತ್ತವೆ. ಆ ತುಣುಕಿನ ಹೆಸರು ಗ್ಲುಕುರೋನಿಕ್ ಆಮ್ಲ. ಅದು ಅಂಟಿದ ಮೇಲೆ ವಸ್ತು ನೀರಿನಲ್ಲಿ ಕರಗುತ್ತದೆ, ಪಿತ್ತದಲ್ಲೋ ಮೂತ್ರದಲ್ಲೋ ಸುಲಭವಾಗಿ ಹೊರಟುಹೋಗುತ್ತದೆ.

ಹಳೆಯ ಕಾಲದ ಕಚೇರಿಯಲ್ಲಿ ಮೊಹರು ಒತ್ತುವ ಗುಮಾಸ್ತ ಕೂತಿರುತ್ತಿದ್ದನಲ್ಲ, ಅವನನ್ನು ನೆನೆಸಿಕೊಳ್ಳಿ. ಬಂದ ಪ್ರತಿ ಕಾಗದಕ್ಕೂ "ರವಾನೆ" ಎಂದು ಮೊಹರು ಒತ್ತಿ ಪಕ್ಕದ ಬುಟ್ಟಿಗೆ ಹಾಕುವುದೇ ಅವನ ಕೆಲಸ. ಕರ್ಕ್ಯುಮಿನ್ ಕಂಡರೆ ಈ ಗುಮಾಸ್ತರು ತುಂಬ ಚುರುಕು. ಕರುಳಿನ ಗೋಡೆ ದಾಟುವಾಗಲೇ ಬಹುಪಾಲಿಗೆ ಮೊಹರು ಬೀಳುತ್ತದೆ, ಉಳಿದದ್ದಕ್ಕೆ ಯಕೃತ್ತಿನಲ್ಲಿ. ಹಾಗಾಗಿಯೇ 2 ಗ್ರಾಂ ನುಂಗಿದರೂ ರಕ್ತದಲ್ಲಿ ಏನೂ ಸಿಗಲಿಲ್ಲ.

ಪೈಪೆರಿನ್ ಬಂದು ಎರಡು ಕಿತಾಪತಿ ಮಾಡುತ್ತದೆ. ಒಂದು, ಗುಮಾಸ್ತನ ಕೈ ಹಿಡಿದುಕೊಳ್ಳುತ್ತದೆ, ಎಂದರೆ ಕಿಣ್ವದ ಕೆಲಸವನ್ನು ನಿಧಾನಗೊಳಿಸುತ್ತದೆ. ಎರಡು, ಮೊಹರಿನ ಶಾಯಿಯನ್ನೇ ಕಡಿಮೆ ಮಾಡುತ್ತದೆ. ಅಂಟಿಸಲು ಬೇಕಾದ ಆ ಸಕ್ಕರೆ ತುಣುಕಿನ ದಾಸ್ತಾನು ಕರುಳಿನ ಕೋಶಗಳಲ್ಲಿ ಇಳಿಯುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದ್ದಾರೆ. ಕೈಯೂ ಕಟ್ಟಿತು, ಶಾಯಿಯೂ ಒಣಗಿತು. ಮೊಹರು ಬೀಳದ ಕರ್ಕ್ಯುಮಿನ್ ರಕ್ತಕ್ಕೆ ಜಾರಿಕೊಂಡಿತು.

ಅಂದರೆ ಮೆಣಸು ಅರಿಶಿನಕ್ಕೆ ಯಾವ ಶಕ್ತಿಯನ್ನೂ ಕೊಟ್ಟಿಲ್ಲ. ಅದು ನಮ್ಮ ಕಾವಲನ್ನು ಸಡಿಲ ಮಾಡಿತು, ಅಷ್ಟೇ. ಕಾವಲು ಸಡಿಲವಾದಾಗ ಒಳಗೆ ಬರುವುದು ನಾವು ಕರೆದ ನೆಂಟರೊಬ್ಬರೇ ಅಲ್ಲ.

ಈಗ ಅಜ್ಜನ ಮಾತ್ರೆಗೆ ಬರೋಣ. ಮಾತ್ರೆಯ ಮದ್ದು ಕೂಡ ಮೈಗೆ ಅಪರಿಚಿತ ವಸ್ತುವೇ. ಅದಕ್ಕೂ ಇದೇ ಕರುಳು, ಇದೇ ಯಕೃತ್ತು. ಮೊಹರು ಒತ್ತುವ ಗುಮಾಸ್ತರ ಪಕ್ಕದಲ್ಲಿ ಇನ್ನೂ ಇಬ್ಬರಿದ್ದಾರೆ. ಒಬ್ಬನು ಮದ್ದನ್ನು ಒಡೆದು ಬೇರೆ ವಸ್ತುವಾಗಿ ಮಾಡುವವನು. ಇನ್ನೊಬ್ಬನು ಕರುಳಿನ ಗೋಡೆಯಲ್ಲಿ ನಿಂತು, ಒಳಗೆ ಬಂದದ್ದನ್ನು ಮತ್ತೆ ಕರುಳಿಗೇ ತಳ್ಳುವ ಪಂಪು. ಪೈಪೆರಿನ್ ಇವರಿಬ್ಬರನ್ನೂ ತಡೆಯಬಲ್ಲದು ಎಂದು ಮನುಷ್ಯರ ಜೀವಕೋಶಗಳಲ್ಲಿ ಮಾಡಿದ ಪ್ರಯೋಗಗಳು ತೋರಿಸಿವೆ.

ಮಾತ್ರೆ ತಯಾರಿಸುವವರಿಗೆ ಈ ಗುಮಾಸ್ತರ ಕಡಿತ ಗೊತ್ತಿರುತ್ತದೆ. ಎಷ್ಟು ಕಡಿತವಾಗುತ್ತದೋ ಅಷ್ಟನ್ನು ಲೆಕ್ಕಕ್ಕೆ ಹಿಡಿದೇ ಮಾತ್ರೆಯ ಪ್ರಮಾಣ ಇಟ್ಟಿರುತ್ತಾರೆ. ಪ್ರೊಪ್ರನೊಲಾಲ್ ಎಂಬ ಮಾತ್ರೆ ಇದೆ. ರಕ್ತದೊತ್ತಡಕ್ಕೆ, ಎದೆಬಡಿತಕ್ಕೆ, ಕೈನಡುಕಕ್ಕೆ, ಅರೆತಲೆನೋವಿಗೆ ಕೊಡುತ್ತಾರೆ. 40 ಮಿಲಿಗ್ರಾಂ ನುಂಗಿದರೆ ಸುಮಾರು ಕಾಲು ಭಾಗ, ಅಂದರೆ 10 ಮಿಲಿಗ್ರಾಂ ಮಾತ್ರ ರಕ್ತದಲ್ಲಿ ಓಡಾಡುತ್ತದೆ. 30 ಮಿಲಿಗ್ರಾಂ ಮೊದಲ ಸುತ್ತಿನಲ್ಲೇ ಕಡಿತ. ಈಗ ಒಂದು ಲೆಕ್ಕ ಮಾಡಿ. ಯಾವುದೋ ಕಾರಣಕ್ಕೆ ಆ ಕಡಿತ 30ರಿಂದ 20ಕ್ಕೆ ಇಳಿಯಿತು ಅನ್ನಿ. ಕಡಿತ ಕಡಿಮೆಯಾದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಆದರೆ ರಕ್ತಕ್ಕೆ ಬರುವುದು 10ರಿಂದ 20 ಆಯಿತು, ನೇರ ಎರಡು ಪಟ್ಟು. ನುಂಗಿದ ಮಾತ್ರೆ ಒಂದೇ, ಮೈಗೆ ಅದು ಎರಡಾಯಿತು. ಕಡಿತ ದೊಡ್ಡದಾಗಿರುವ ಮದ್ದುಗಳಲ್ಲಿ ಮೆಣಸಿನ ಕೈವಾಡ ಎದ್ದು ಕಾಣಲು ಇದೇ ಕಾರಣ. ಕಡಿತವೇ ಇಲ್ಲದ ಮದ್ದಿಗೆ ಈ ಗುಮಾಸ್ತ ಕೆಲಸ ಮಾಡಿದರೂ ಒಂದೇ, ಮಲಗಿದರೂ ಒಂದೇ. ನಮ್ಮ ಹುಡುಗಿ ಕೇಳಿದಂತೆ ಯಾವ ಮಾತ್ರೆಯೂ ಇಪ್ಪತ್ತು ಪಟ್ಟು ಆಗುವುದಿಲ್ಲ. ಆದರೆ ಕೆಲವು ಮಾತ್ರೆಗಳಿಗೆ ಎರಡು ಪಟ್ಟೂ ಬೇಕಾಗಿಲ್ಲ, ಒಂದೂಕಾಲು ಪಟ್ಟಾದರೂ ಸಾಕು ತೊಂದರೆಗೆ.

ಇದನ್ನು ಮೊದಲು ಗಮನಿಸಿದವರು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು. ಆಯುರ್ವೇದದ ಎಷ್ಟೋ ಯೋಗಗಳಲ್ಲಿ ತ್ರಿಕಟು, ಅಂದರೆ ಶುಂಠಿ, ಹಿಪ್ಪಲಿ, ಕಾಳುಮೆಣಸು, ಯಾಕೆ ಪದೇ ಪದೇ ಬರುತ್ತದೆ ಎಂದು ಡಾ. ಸಿ. ಕೆ. ಅಟಲ್ ಮತ್ತು ಅವರ ಸಂಗಡಿಗರು ಎಪ್ಪತ್ತರ ದಶಕದ ಕೊನೆಯಲ್ಲಿ ಹುಡುಕಲು ಹೊರಟರು. ಹಿಪ್ಪಲಿ, ಮೆಣಸು ಎರಡರಲ್ಲೂ ಪೈಪೆರಿನ್ ಇದೆ, ಅದು ಮದ್ದುಗಳ ಕಡಿತವನ್ನು ತಡೆಯುತ್ತದೆ ಎಂದು 1985ರಲ್ಲಿ ವಿವರವಾಗಿ ಬರೆದರು. 1991ರಲ್ಲಿ ಅದೇ ಪ್ರಯೋಗಾಲಯದವರು ಆರೋಗ್ಯವಂತ ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಪೈಪೆರಿನ್ ಅನ್ನು ಏಳು ದಿನ ಕೊಟ್ಟು, ಆಮೇಲೆ ಪ್ರೊಪ್ರನೊಲಾಲ್ ಕೊಟ್ಟು ನೋಡಿದರು. ಮದ್ದು ರಕ್ತದಲ್ಲಿ ಬೇಗನೆ ಏರಿತು, ಹೆಚ್ಚಾಗಿಯೂ ಏರಿತು. ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಕೂಡ ಹಾಗೆಯೇ.

ಈ ಜ್ಞಾನ ಒಳ್ಳೆಯದಕ್ಕೂ ಬಳಕೆಯಾಗಿದೆ. ಕ್ಷಯರೋಗದ ಮದ್ದು ರಿಫಾಂಪಿಸಿನ್. ಅದರ 450 ಮಿಲಿಗ್ರಾಂ ಬದಲು 200 ಮಿಲಿಗ್ರಾಂ ಮಾತ್ರ ಇಟ್ಟು, ಜೊತೆಗೆ 10 ಮಿಲಿಗ್ರಾಂ ಪೈಪೆರಿನ್ ಸೇರಿಸಿದ ಒಂದು ಮಾತ್ರೆಗೆ ನಮ್ಮ ದೇಶದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಆ 10 ಮಿಲಿಗ್ರಾಂ ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಮದ್ದಿನ ಪ್ರಮಾಣವನ್ನು ಅರ್ಧಕ್ಕಿಂತ ಕೆಳಗಿಳಿಸಿದ ಮಾತ್ರೆಯೊಂದರಲ್ಲಿ ಇರುವ ಪೈಪೆರಿನ್ ಅಷ್ಟೇ. ಅಲ್ಲಿ ಅದು ತಜ್ಞರು ಅಳೆದು ಬೆರೆಸಿದ್ದು. ನಾವು ಮನೆಯಲ್ಲಿ ಬೆರೆಸುವುದು ಅಳತೆಯಿಲ್ಲದ್ದು.

ಹಾಗಾದರೆ ಅಳೆದೇ ನೋಡೋಣ. ಮಕ್ಕಳು ಒಂದು ಪೆನ್ಸಿಲು ತೆಗೆದುಕೊಳ್ಳಿ.

ಒಂದು ಲೋಟ ಹಾಲಿಗೆ ಅಜ್ಜಿ ಕಾಲು ಚಮಚ ಅರಿಶಿನ ಹಾಕುತ್ತಾರೆ ಅನ್ನಿ. ಅದು ಮುಕ್ಕಾಲು ಗ್ರಾಂ ಸುಮಾರು. ಅರಿಶಿನದ ಪುಡಿಯೆಲ್ಲವೂ ಕರ್ಕ್ಯುಮಿನ್ ಅಲ್ಲ, ಅದರಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. ಅಲ್ಲಿಗೆ ಲೋಟದಲ್ಲಿರುವುದು 22 ಮಿಲಿಗ್ರಾಂ. ಬೆಂಗಳೂರಿನ ಪ್ರಯೋಗದಲ್ಲಿ ಕೊಟ್ಟದ್ದು 2000 ಮಿಲಿಗ್ರಾಂ. ಅಷ್ಟು ಸೇರಬೇಕಾದರೆ ತೊಂಬತ್ತು ಲೋಟ ಹಾಲು ಕುಡಿಯಬೇಕು! ಮೊಬೈಲಿನಲ್ಲಿ ಬಂದ ಸುದ್ದಿ ಈ ತೊಂಬತ್ತು ಲೋಟದ ವಿಷಯ ಹೇಳುವುದಿಲ್ಲ.

ಈಗ ಮೆಣಸಿನ ಲೆಕ್ಕ. ಒಂದು ಕಾಳುಮೆಣಸು ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಪೈಪೆರಿನ್ ನೂರಕ್ಕೆ ಐದು ಎಂದು ಹಿಡಿದರೆ ಒಂದು ಕಾಳಿಗೆ ಎರಡೂವರೆ ಮಿಲಿಗ್ರಾಂ. ಎರಡು ಕಾಳಿಗೆ 5. ಪ್ರಯೋಗದ 20 ಮಿಲಿಗ್ರಾಂ ಬರಲು ಎಂಟೇ ಎಂಟು ಕಾಳು ಸಾಕು. ಕ್ಷಯದ ಮಾತ್ರೆಯ 10 ಮಿಲಿಗ್ರಾಂಗೆ ನಾಲ್ಕು ಕಾಳು. ಮೆಣಸಿನ ಜಾತಿ, ಊರು ನೋಡಿ ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಇಡೀ ಕಾಳಿನಲ್ಲಿರುವ ಪೈಪೆರಿನ್ ಎಲ್ಲವೂ ಬಿಟ್ಟುಕೊಳ್ಳುವುದೂ ಇಲ್ಲ. ಆದರೂ ನೋಡಿ ಎಂಥ ವಿಚಿತ್ರ: ಅರಿಶಿನದ ವಿಷಯದಲ್ಲಿ ನಮ್ಮ ಅಡುಗೆಮನೆ ಪ್ರಯೋಗಾಲಯದ ಹತ್ತಿರವೂ ಸುಳಿಯುವುದಿಲ್ಲ, ಮೆಣಸಿನ ವಿಷಯದಲ್ಲಿ ಮಾತ್ರ ಸರಿಸಮಾನವಾಗಿ ನಿಲ್ಲುತ್ತದೆ. ಎಲ್ಲರೂ ಅರಿಶಿನದ ಕಡೆ ನೋಡುತ್ತಾ ಕೂತಿದ್ದಾರೆ. ಕೆಲಸ ಮಾಡುವವನು ಪಕ್ಕದಲ್ಲಿ ಕಪ್ಪಗೆ ಕೂತಿದ್ದಾನೆ.

ನೆಗಡಿಯಾದಾಗ ಮಾಡುವ ಮೆಣಸಿನ ಸಾರಿನಲ್ಲಿ ಒಬ್ಬೊಬ್ಬರ ಪಾಲಿಗೆ ಅರ್ಧ ಗ್ರಾಂ, ಒಂದು ಗ್ರಾಂ ಮೆಣಸು ಬರುವುದು ದೊಡ್ಡದೇನಲ್ಲ. ಇಂಥದ್ದನ್ನೇ 2001ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಪರೀಕ್ಷಿಸಿದರು. 200 ಮಿಲಿಲೀಟರ್ ಸೂಪಿಗೆ 1 ಗ್ರಾಂ ಮೆಣಸು ಹಾಕಿ ಆರೋಗ್ಯವಂತರಿಗೆ ಕುಡಿಸಿ, ಅರ್ಧ ಗಂಟೆ ಬಿಟ್ಟು ಫೆನಿಟಾಯಿನ್ ಎಂಬ ಮಾತ್ರೆ ಕೊಟ್ಟರು. ಮೆಣಸಿಲ್ಲದ ಸೂಪು ಕುಡಿದಾಗ ಇದ್ದದ್ದಕ್ಕಿಂತ ಮದ್ದು ರಕ್ತದಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು. ಕ್ಯಾಪ್ಸೂಲು ಅಲ್ಲ, ಸಾರ ತೆಗೆದ ಪುಡಿಯಲ್ಲ, ಬರೀ ಸೂಪು.

ಫೆನಿಟಾಯಿನ್ ಫಿಟ್ಸ್ ಬರುವವರಿಗೆ ಕೊಡುವ ಹಳೆಯ ಮದ್ದು. ಎಷ್ಟೋ ಮನೆಗಳಲ್ಲಿ ಅಜ್ಜಂದಿರು ಇಪ್ಪತ್ತು ವರ್ಷಗಳಿಂದ ತೆಗೆದುಕೊಳ್ಳುತ್ತಿರುತ್ತಾರೆ. ಇದನ್ನೇ ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಇದು 10ರಿಂದ 20 ಮೈಕ್ರೋಗ್ರಾಂ ಇರಬೇಕು. 10ಕ್ಕಿಂತ ಇಳಿದರೆ ಫಿಟ್ಸ್ ಬರಬಹುದು, 20 ದಾಟಿದರೆ ಮದ್ದೇ ಕಾಟ ಕೊಡುತ್ತದೆ. ತೆಳುವಾದ ಗದ್ದೆಯ ಬದುವಿನ ಮೇಲೆ ನಡೆದಂತೆ. ಇನ್ನೊಂದು ತೊಡಕೂ ಇದೆ. ಫೆನಿಟಾಯಿನ್ ಅನ್ನು ಒಡೆಯುವ ಗುಮಾಸ್ತರ ಸಂಖ್ಯೆ ಕಡಿಮೆ. ರಕ್ತದಲ್ಲಿ ಮದ್ದು ಏರುತ್ತಿದ್ದಂತೆ ಅವರ ಮೇಜು ಭರ್ತಿಯಾಗಿಬಿಡುತ್ತದೆ. ಆಮೇಲೆ ಒಂದು ಸ್ವಲ್ಪ ಹೆಚ್ಚು ಬಂದರೂ ಅದು ಕರಗದೆ ರಾಶಿ ಬೀಳುತ್ತದೆ. ಹಾಗಾಗಿ 10ರ ಹತ್ತಿರ ಇರುವವರಿಗೆ ಏನೂ ಆಗದಷ್ಟು ಏರಿಕೆ, 18ರ ಹತ್ತಿರ ಇರುವವರನ್ನು ಗಡಿ ದಾಟಿಸಬಹುದು. ಫಿಟ್ಸ್ ರೋಗಿಗಳಿಗೇ 20 ಮಿಲಿಗ್ರಾಂ ಪೈಪೆರಿನ್ ಒಂದು ಸಲ ಕೊಟ್ಟು ನೋಡಿದ ಅಧ್ಯಯನವೂ ಇದೆ. ಅಲ್ಲಿಯೂ ಮದ್ದು ಏರಿತು, ಆದರೆ ಭಾರಿಯಾಗೇನೂ ಅಲ್ಲ.

ಒಬ್ಬ ಅಜ್ಜನವರನ್ನು ಊಹಿಸಿಕೊಳ್ಳಿ. ರಾತ್ರಿ 300 ಮಿಲಿಗ್ರಾಂ ಫೆನಿಟಾಯಿನ್ ನುಂಗುತ್ತಾರೆ, ರಕ್ತದಲ್ಲಿ ಅದು 17ರಲ್ಲಿ ನಿಂತಿದೆ, ಫಿಟ್ಸ್ ಬಂದು ವರ್ಷಗಳೇ ಆಗಿವೆ. ಮೊಣಕಾಲು ನೋವಿಗೆಂದು ಯಾರೋ ಹೇಳಿದರು, ಬೆಳಿಗ್ಗೆ ಸಂಜೆ ಅರಿಶಿನ-ಮೆಣಸಿನ ಕಷಾಯ ಶುರುವಾಯಿತು, ಪ್ರತಿ ಲೋಟಕ್ಕೆ ಎಂಟು ಹತ್ತು ಕಾಳು. ಎರಡನೆಯ ವಾರಕ್ಕೆ ಅಜ್ಜನವರ ನಡಿಗೆಯಲ್ಲಿ ತೂರಾಟ. ಮಾತು ತೊದಲುತ್ತದೆ. ಮಧ್ಯಾಹ್ನವೂ ನಿದ್ದೆ. ಪಕ್ಕಕ್ಕೆ ನೋಡಲು ಹೇಳಿದರೆ ಕಣ್ಣುಗುಡ್ಡೆ ಸಣ್ಣಗೆ ಅದುರುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ ಅನ್ನುತ್ತಾರೆ. ಮನೆಯವರು "ವಯಸ್ಸಾಯಿತಲ್ಲ" ಅನ್ನುತ್ತಾರೆ. ಇಲ್ಲವೇ ಪಾರ್ಶ್ವವಾಯು ಎಂದು ಹೆದರುತ್ತಾರೆ. ಹೆದರಿ ಆಸ್ಪತ್ರೆಗೆ ಓಡುವುದೇ ಸರಿ, ಯಾಕೆಂದರೆ ಪಾರ್ಶ್ವವಾಯು ಅಲ್ಲ ಎಂದು ಮನೆಯಲ್ಲಿ ಹೇಳಲಾಗುವುದಿಲ್ಲ. ಆದರೆ ಅಲ್ಲಿ ವೈದ್ಯರಿಗೆ ಕಷಾಯದ ವಿಷಯ ಹೇಳಬೇಕು. ಹೇಳಿದರೆ ಅವರು ರಕ್ತದಲ್ಲಿ ಫೆನಿಟಾಯಿನ್ ಎಷ್ಟಿದೆ ಎಂದು ಒಂದು ಪರೀಕ್ಷೆ ಮಾಡಿಸುತ್ತಾರೆ, ಸಂಗತಿ ಗೊತ್ತಾಗುತ್ತದೆ. "ಬೇರೆ ಏನಾದರೂ ಮಾತ್ರೆ ತಗೋತೀರಾ?" ಎಂದು ವೈದ್ಯರು ಕೇಳಿದಾಗ ನಮ್ಮವರು "ಇಲ್ಲ" ಅನ್ನುತ್ತಾರೆ. ಕಷಾಯ ನಮ್ಮ ಲೆಕ್ಕದಲ್ಲಿ ಮಾತ್ರೆಯೇ ಅಲ್ಲವಲ್ಲ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೊಕುಮರಾಲ್ ತೆಗೆದುಕೊಳ್ಳುವವರದ್ದು ಇನ್ನೂ ಸೂಕ್ಷ್ಮ. ಹೃದಯದ ಕವಾಟ ಬದಲಾಯಿಸಿಕೊಂಡವರು, ಎದೆಬಡಿತ ಏರುಪೇರಾಗುವವರು ಇವನ್ನು ತೆಗೆದುಕೊಳ್ಳುತ್ತಾರೆ. ಅವರಿಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಚೆನ್ನಾಗಿ ಗೊತ್ತು. ಮದ್ದಿಲ್ಲದವರಲ್ಲಿ ಅದು 1ರ ಸುಮಾರು, ಈ ಮದ್ದಿನವರಲ್ಲಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇಡುತ್ತಾರೆ. ನ್ಯೂಜಿಲೆಂಡಿನ ಔಷಧ ಸುರಕ್ಷತಾ ಸಂಸ್ಥೆ ಮೆಡ್‌ಸೇಫ್ 2018ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ವಾರ್ಫರಿನ್ ಮೇಲೆ ನೆಮ್ಮದಿಯಾಗಿದ್ದ ರೋಗಿಯೊಬ್ಬರು ಅರಿಶಿನದ ತಯಾರಿಕೆಯೊಂದನ್ನು ಶುರುಮಾಡಿದ ಕೆಲವೇ ವಾರಗಳಲ್ಲಿ ಐ.ಎನ್.ಆರ್. 10ನ್ನು ದಾಟಿತ್ತು. ಅಷ್ಟಾದರೆ ಎಲ್ಲಿ ಬೇಕಾದರೂ ರಕ್ತಸ್ರಾವ ಆಗಬಹುದು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ನಿಲ್ಲದಿರುವುದು, ಪೆಟ್ಟು ತಾಗದೆಯೇ ಚರ್ಮ ನೀಲಿಗಟ್ಟುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ಇವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಈ ಪ್ರಕರಣದಲ್ಲಿ ತಪ್ಪೆಲ್ಲ ಮೆಣಸಿನದೇ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ಪ್ರಮಾಣದ ಕರ್ಕ್ಯುಮಿನ್ ತಾನೇ ರಕ್ತ ಹೆಪ್ಪುಗಟ್ಟುವುದನ್ನು ಕೊಂಚ ತಡೆಯಬಲ್ಲದು.

ಹಾಗೆಂದು ಎಲ್ಲ ಮಾತ್ರೆಗಳಿಗೂ ಹೆದರಬೇಕಾಗಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ಎರಡು ದಿನ ಕರ್ಕ್ಯುಮಿನ್ ಮತ್ತು ಪೈಪೆರಿನ್ ಎರಡನ್ನೂ ಕೊಟ್ಟು, ಪ್ಯಾರಾಸಿಟಮಾಲ್ ಸೇರಿದಂತೆ ಮೂರು ಮದ್ದುಗಳನ್ನು ಪರೀಕ್ಷಿಸಿದರು. ಗಣನೀಯ ವ್ಯತ್ಯಾಸ ಏನೂ ಕಾಣಲಿಲ್ಲ. ಆದ್ದರಿಂದ ಜ್ವರದ ಮಾತ್ರೆ ನುಂಗಿದ ದಿನ ಮೆಣಸಿನ ಸಾರು ಉಂಡರೆ ಏನಾದೀತೋ ಎಂದು ನಿದ್ದೆಗೆಡಬೇಡಿ. ಜಾಗ್ರತೆ ಬೇಕಾದದ್ದು ಬದುವಿನ ಮೇಲೆ ನಡೆಯುವ ಮದ್ದುಗಳಲ್ಲಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್. ರಕ್ತ ತೆಳುವಾಗಿಸುವ ಮದ್ದುಗಳು. ಉಬ್ಬಸದ ಥಿಯೊಫಿಲಿನ್. ಹೃದಯಕ್ಕೆ ಕೊಡುವ ಡಿಜಾಕ್ಸಿನ್. ಬೇರೆಯವರ ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್. ಗುರುತಿಗೆ ಒಂದು ಸುಲಭ ಉಪಾಯವಿದೆ. ಯಾವ ಮದ್ದಿಗೆ ವೈದ್ಯರು ಆಗಾಗ ರಕ್ತಪರೀಕ್ಷೆ ಮಾಡಿಸಿ ಪ್ರಮಾಣ ಹೊಂದಿಸುತ್ತಾರೋ, ಅದು ಬಹುಮಟ್ಟಿಗೆ ಈ ಪಂಗಡದ್ದು.

ಇಂಥ ಮದ್ದಿನವರು ಸಾರು, ಪೊಂಗಲ್ ಎಲ್ಲ ಬಿಡಬೇಕೇ? ಬೇಡ. ನೀವು ಇಪ್ಪತ್ತು ವರ್ಷದಿಂದ ಉಣ್ಣುತ್ತಿರುವ ಊಟದ ಮೇಲೆಯೇ ವೈದ್ಯರು ನಿಮ್ಮ ಮದ್ದನ್ನು ಹೊಂದಿಸಿದ್ದಾರೆ. ಆ ಊಟದಲ್ಲಿದ್ದ ಮೆಣಸೂ ಆ ಲೆಕ್ಕದಲ್ಲಿ ಬಂದುಹೋಗಿದೆ. ಲೆಕ್ಕ ತಪ್ಪುವುದು ಹೊಸದಾಗಿ, ದಿನವೂ, ಹೆಚ್ಚಾಗಿ ಏನಾದರೂ ಶುರುಮಾಡಿದಾಗ. ಒಂದು ದಿನದ ಮೆಣಸಿನ ಸಾರಿಗಿಂತ ತಿಂಗಳುಗಟ್ಟಲೆಯ ಕಷಾಯ ಹೆಚ್ಚು ಯೋಚಿಸುವ ವಿಷಯ, ಅದಕ್ಕಿಂತ ಹೆಚ್ಚಿನದು ಕ್ಯಾಪ್ಸೂಲು.

ಕ್ಯಾಪ್ಸೂಲಿನಲ್ಲಿ ಅರಿಶಿನದ ಪುಡಿ ಇರುವುದಿಲ್ಲ, ಅದರಿಂದ ಹಿಂಡಿ ತೆಗೆದ ಕರ್ಕ್ಯುಮಿನ್ ಇರುತ್ತದೆ. ಒಂದರಲ್ಲಿ 500 ಮಿಲಿಗ್ರಾಂ ಇರುವುದು ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಅದು ಇಪ್ಪತ್ತಕ್ಕೂ ಹೆಚ್ಚು ಲೋಟ ಹಾಲು. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪೈಪೆರಿನ್, ಬ್ಲ್ಯಾಕ್ ಪೆಪ್ಪರ್ ಎಕ್ಸ್‌ಟ್ರ್ಯಾಕ್ಟ್, ಪೈಪರ್ ನೈಗ್ರಮ್ ಎಂದು ಏನಿದ್ದರೂ ಒಂದೇ ಅರ್ಥ. ಈ ಅಕ್ಷರಗಳನ್ನು ಓದಲು ನನ್ನಂಥವರಿಗೆ ಭೂತಕನ್ನಡಿ ಬೇಕು, ಮೊಮ್ಮಕ್ಕಳಿಗೆ ಬೇಡ. ಮಕ್ಕಳೇ, ಓದಿ ಒಂದು ಚೀಟಿಯಲ್ಲಿ ಬರೆಯಿರಿ: ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಯಾವ ತಾರೀಖಿನಿಂದ. ಅಜ್ಜನ ಮಾತ್ರೆಗಳ ಚೀಟಿಯ ಜೊತೆಗೇ ಅದನ್ನು ಪಿನ್ನು ಹಾಕಿಡಿ. ವೈದ್ಯರಿಗೆ ಬೇಕಾದದ್ದು ಅಷ್ಟೇ.

ಕೆಲವರು ಒಂದು ಉಪಾಯ ಹೇಳುತ್ತಾರೆ: ಮಾತ್ರೆಗೂ ಕಷಾಯಕ್ಕೂ ಎರಡು ಗಂಟೆ ಅಂತರವಿಟ್ಟರಾಯಿತು ಎಂದು. ಇದನ್ನು ನಂಬಿ ಕೂರಬೇಡಿ. ಎರಡೂ ಹೊಟ್ಟೆಯಲ್ಲಿ ಡಿಕ್ಕಿ ಹೊಡೆಯುವುದು ಇಲ್ಲಿ ಸಮಸ್ಯೆಯಲ್ಲ. ದಿನವೂ ಬರುವ ಪೈಪೆರಿನ್ ಗುಮಾಸ್ತರ ಕೈ ಹಿಡಿದುಕೊಂಡಿರುವುದು ಸಮಸ್ಯೆ. ಬೆಳಿಗ್ಗೆ ಕುಡಿದದ್ದರ ಪ್ರಭಾವ ಯಾವಾಗ ಮುಗಿಯಿತು ಎಂದು ನಮಗೆ ಯಾರೂ ಗಂಟೆ ಬಾರಿಸಿ ಹೇಳುವುದಿಲ್ಲ.

ಇನ್ನೊಂದು ಸಂಗತಿ ಮಾತ್ರೆ ತೆಗೆದುಕೊಳ್ಳದವರಿಗೂ ಸೇರಿದ್ದು. ಅಮೆರಿಕದಲ್ಲಿ ಔಷಧಿಗಳಿಂದ ಆಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ವೈದ್ಯರ ಜಾಲವೊಂದು, ಅರಿಶಿನದ ಕ್ಯಾಪ್ಸೂಲು ಮುಂತಾದವುಗಳಿಂದ ಯಕೃತ್ತು ಕೆಟ್ಟ ಹತ್ತು ಜನರ ವಿವರ ಪ್ರಕಟಿಸಿದೆ. ಐದು ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅವರು ಬಳಸಿದ್ದ ಏಳು ತಯಾರಿಕೆಗಳನ್ನು ಪರೀಕ್ಷಿಸಿದಾಗ ಮೂರರಲ್ಲಿ ಪೈಪೆರಿನ್ ಸಿಕ್ಕಿತು. ಕೋಟಿಗಟ್ಟಲೆ ಜನ ಬಳಸುವಾಗ ಇದು ವಿರಳವೇ. ಆದರೂ ಕಣ್ಣು ಹಳದಿಯಾದರೆ, ಮೂತ್ರ ಗಾಢ ಕಂದಾದರೆ, ಮೈಯೆಲ್ಲ ತುರಿಕೆಯಾದರೆ ಕ್ಯಾಪ್ಸೂಲು ನಿಲ್ಲಿಸಿ ಅಂದೇ ವೈದ್ಯರ ಬಳಿ ಹೋಗಬೇಕು. ಹಳದಿ ಪದಾರ್ಥ ತಿಂದದ್ದಕ್ಕೆ ಕಣ್ಣು ಹಳದಿಯಾಯಿತು ಎಂದು ನಗಬೇಡಿ. ಅರಿಶಿನದ ಬಣ್ಣ ಕಣ್ಣಿಗೆ ಏರುವುದಿಲ್ಲ.

ನಿಲ್ಲಿಸುವ ಮಾತು ಬಂತು. ತಿಂಗಳುಗಳಿಂದ ಕಷಾಯವೋ ಕ್ಯಾಪ್ಸೂಲೋ ನಡೆದಿದ್ದು, ಆ ಅವಧಿಯಲ್ಲಿ ವೈದ್ಯರು ರಕ್ತಪರೀಕ್ಷೆ ನೋಡಿ ಮಾತ್ರೆಯ ಪ್ರಮಾಣ ಇಳಿಸಿದ್ದರೆ, ಈ ಲೇಖನ ಓದಿ ನಾಳೆಯೇ ಕಷಾಯದ ಪಾತ್ರೆ ಕವುಚಿ ಹಾಕಬೇಡಿ. ಗುಮಾಸ್ತರು ಮತ್ತೆ ಚುರುಕಾಗುತ್ತಾರೆ, ಕಡಿತ ಮೊದಲಿನಂತೆ ಆಗುತ್ತದೆ, ಇಳಿಸಿದ ಪ್ರಮಾಣ ಸಾಲದೆ ಹೋಗುತ್ತದೆ. ಫಿಟ್ಸ್ ಮದ್ದಿನಲ್ಲಿ ಹೀಗಾದರೆ ಎಷ್ಟೋ ವರ್ಷದಿಂದ ಬಾರದಿದ್ದ ಫಿಟ್ಸ್ ಮರಳಿ ಬರಬಹುದು. ಮಾತ್ರೆಯನ್ನಂತೂ ನೀವಾಗಿ ಹೆಚ್ಚಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಕಷಾಯ ಬಿಡುವ ಮೊದಲು ವೈದ್ಯರಿಗೆ ಒಂದು ಫೋನು ಮಾಡಿ, ಯಾವ ದಿನದಿಂದ ಬಿಡುತ್ತೀರಿ ಎಂದು ತಿಳಿಸಿ, ಮುಂದಿನ ರಕ್ತಪರೀಕ್ಷೆ ಯಾವಾಗ ಎಂದು ಕೇಳಿಕೊಳ್ಳಿ. ಬಿಟ್ಟ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆದಿಡಿ.